ಫುಟಿಂಗ್‌ಗಳ ಶಿಯರ್ ವೈಫಲ್ಯದ ವಿಧಗಳು: ಸಾಮಾನ್ಯ, ಸ್ಥಳೀಯ ಮತ್ತು ಪಂಚಿಂಗ್

ಕಟ್ಟಡದ ಕಂಬ ಅಥವಾ ಗೋಡೆಯ ಭಾರವನ್ನು ನೆಲಕ್ಕೆ ಹರಡುವ ಫುಟಿಂಗ್‌ನ ಅಡಿಯ ಮಣ್ಣು ತನ್ನ ಶಿಯರ್ ಬಲವನ್ನು ಮೀರಿದ ಒತ್ತಡಕ್ಕೆ ಸಿಕ್ಕಿ ಸೋಲುವ ಬಗೆಯನ್ನು ಶಿಯರ್ ವೈಫಲ್ಯ ಎನ್ನುತ್ತಾರೆ. ಮಣ್ಣು ಎಲ್ಲಿಯವರೆಗೆ ಜಾರುತ್ತದೆ, ನೆಲದ ಮೇಲ್ಮೈ ಉಬ್ಬುತ್ತದೆಯೇ, ಭಾರ ಮತ್ತು ಇಳಿತದ ಸಂಬಂಧ ಹೇಗಿರುತ್ತದೆ ಎಂಬುದನ್ನು ಆಧರಿಸಿ ಇದರಲ್ಲಿ ಮೂರು ವಿಧಗಳನ್ನು ಗುರುತಿಸಲಾಗಿದೆ: ಸಾಮಾನ್ಯ ಶಿಯರ್ ವೈಫಲ್ಯ, ಸ್ಥಳೀಯ ಶಿಯರ್ ವೈಫಲ್ಯ ಮತ್ತು ಪಂಚಿಂಗ್ ಶಿಯರ್ ವೈಫಲ್ಯ. ಯಾವ ವಿಧ ಸಂಭವಿಸುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಮಣ್ಣಿನ ಬಲಕ್ಕೆ ಹೋಲಿಸಿದರೆ ಅದು ಎಷ್ಟು ಕುಗ್ಗಬಲ್ಲದು ಎಂಬ ಸಂಗತಿ. ಫುಟಿಂಗ್‌ನ ಆಳ, ಅದರ ಗಾತ್ರ ಮತ್ತು ಭಾರ ಹೇರುವ ವೇಗ ಈ ನಿರ್ಧಾರವನ್ನು ಬದಲಿಸಬಲ್ಲವು.

ಇಲ್ಲಿ ವಿವರಿಸುವ ಪಂಚಿಂಗ್ ಮಣ್ಣಿನಲ್ಲಿ ಆಗುವಂಥದು. ಕಂಬವು ಕಾಂಕ್ರೀಟ್ ಫುಟಿಂಗ್‌ನ ಚಪ್ಪಡಿಯನ್ನೇ ಸೀಳಿಕೊಂಡು ಕೆಳಗಿಳಿಯುವುದಕ್ಕೂ ಪಂಚಿಂಗ್ ಶಿಯರ್ ಎಂದೇ ಹೆಸರು. ಅದು ಕಾಂಕ್ರೀಟ್ ವಿನ್ಯಾಸದ ವಿಷಯ. ಎರಡನ್ನೂ ಬೆರೆಸಬಾರದು.

## ಪರಿಕಲ್ಪನೆಯ ಬೆಳವಣಿಗೆ

ಈ ಅಧ್ಯಯನದ ಗಣಿತ ಹುಟ್ಟಿದ್ದು ಲೋಹದ ಅಧ್ಯಯನದಿಂದ. 1920ರ ಸುಮಾರಿಗೆ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಗಟ್ಟಿಯಾದ ಅಚ್ಚೊಂದನ್ನು ಮೆತುವಾದ ಲೋಹಕ್ಕೆ ಒತ್ತಿದಾಗ ಲೋಹ ಯಾವ ರೇಖೆಗಳಲ್ಲಿ ಹರಿದು ಪಕ್ಕಕ್ಕೆ ಸರಿಯುತ್ತದೆ ಎಂಬುದನ್ನು ಬಿಡಿಸಿದರು. 1924ರಲ್ಲಿ ರೈಸ್ನರ್ ಅದಕ್ಕೆ ಪಕ್ಕದ ಮೇಲ್ಮೈಯ ಮೇಲಿನ ಹೊರೆಯ ಪರಿಣಾಮವನ್ನು ಸೇರಿಸಿದರು. ಈ ಪರಿಹಾರ ವಸ್ತುವನ್ನು ಕುಗ್ಗದ, ಸೋಲುವ ಕ್ಷಣದವರೆಗೂ ಬಿಗಿಯಾಗಿಯೇ ಉಳಿಯುವ ಪದಾರ್ಥವೆಂದು ಊಹಿಸುತ್ತದೆ.

ಕಾರ್ಲ್ ಟೆರ್ಜಾಗಿ 1943ರ ತಮ್ಮ ಗ್ರಂಥದಲ್ಲಿ ಇದನ್ನು ಮಣ್ಣಿಗೆ ಹೊಂದಿಸಿದರು. ಎಲ್ಲ ಮಣ್ಣೂ ಆ ಊಹೆಗೆ ಒಗ್ಗುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು. ಆದ್ದರಿಂದ ಗಟ್ಟಿ ಮಣ್ಣಿನ ಸೋಲನ್ನು ಸಾಮಾನ್ಯವೆಂದೂ, ಸಡಿಲ ಅಥವಾ ಮೆತ್ತನೆಯ ಮಣ್ಣಿನ ಸೋಲನ್ನು ಸ್ಥಳೀಯವೆಂದೂ ಅವರು ಬೇರ್ಪಡಿಸಿದರು. ಮೂರನೆಯ ವಿಧ ಸ್ಪಷ್ಟವಾದದ್ದು ಅಲೆಕ್ಸಾಂಡರ್ ವೆಸಿಕ್ ಅವರ ಮರಳಿನ ಪ್ರಯೋಗಗಳಿಂದ. ಬೇರೆ ಬೇರೆ ಸಾಂದ್ರತೆಯ ಮರಳಿನ ಮೇಲೂ ಒಳಗೂ ಮಾದರಿ ಫುಟಿಂಗ್‌ಗಳನ್ನು ಒತ್ತಿ ನೋಡಿದ ಅವರು, 1963ರಲ್ಲಿ ಮೂರೂ ವಿಧಗಳನ್ನು ಸಾಪೇಕ್ಷ ಸಾಂದ್ರತೆ ಮತ್ತು ಆಳಕ್ಕೆ ಸಂಬಂಧಿಸಿ ನಕ್ಷೆಯಲ್ಲಿ ತೋರಿಸಿದರು. 1973ರ ಪ್ರಬಂಧದಲ್ಲಿ ಅದಕ್ಕೆ ಬಿಗಿತ ಸೂಚ್ಯಂಕದ ಲೆಕ್ಕವನ್ನು ಜೋಡಿಸಿದರು.

## ಸಾಮಾನ್ಯ ಶಿಯರ್ ವೈಫಲ್ಯ

ಇದರಲ್ಲಿ ಜಾರು ಮೇಲ್ಮೈ ಫುಟಿಂಗ್‌ನ ಒಂದು ಅಂಚಿನಿಂದ ಹೊರಟು ಮಣ್ಣಿನೊಳಗೆ ಬಾಗಿ, ಪಕ್ಕದ ನೆಲದ ಮೇಲ್ಮೈವರೆಗೆ ಎಲ್ಲಿಯೂ ತುಂಡಾಗದೆ ತಲುಪುತ್ತದೆ. ಸೋಲುವ ಮಣ್ಣನ್ನು ಮೂರು ವಲಯಗಳಾಗಿ ನೋಡಬಹುದು. ಫುಟಿಂಗ್‌ನ ತಳಕ್ಕೆ ಅಂಟಿದಂತೆ ಒಂದು ತ್ರಿಕೋನಾಕಾರದ ಬೆಣೆ ಉಳಿದು, ಫುಟಿಂಗ್‌ನ ಭಾಗವೇ ಎಂಬಂತೆ ಕೆಳಗಿಳಿಯುತ್ತದೆ. ಅದರ ಎರಡೂ ಬದಿಗೆ ಬೀಸಣಿಗೆಯಾಕಾರದ ವಲಯದಲ್ಲಿ ಮಣ್ಣು ಸುತ್ತಿಕೊಂಡು ಹೊರಳುತ್ತದೆ. ಈ ವಲಯದ ಅಂಚು ಘರ್ಷಣೆಯುಳ್ಳ ಮಣ್ಣಿನಲ್ಲಿ ಲಾಗರಿದಮ್ ಸುರುಳಿಯಾಗಿಯೂ, ನೀರು ತುಂಬಿದ ಜೇಡಿಮಣ್ಣಿಗೆ ಬೇಗನೆ ಭಾರ ಹೇರಿದಾಗ ವೃತ್ತದ ಚಾಪವಾಗಿಯೂ ಇರುತ್ತದೆ. ಕೊನೆಯ ವಲಯ ಹೊರಗಿನ ಬೆಣೆ. ಅದು ಪಕ್ಕಕ್ಕೂ ಮೇಲಕ್ಕೂ ತಳ್ಳಲ್ಪಟ್ಟು ನೆಲವನ್ನು ಉಬ್ಬಿಸುತ್ತದೆ.

ಈ ಉಬ್ಬು ಎಷ್ಟು ದೂರ ಹರಡುತ್ತದೆ ಎಂಬುದು ಮಣ್ಣಿನ ಆಂತರಿಕ ಘರ್ಷಣ ಕೋನವನ್ನು ಅವಲಂಬಿಸಿದೆ. ಪ್ರಾಂಟ್ಲ್ ಪರಿಹಾರದ ಪ್ರಕಾರ ಕೋನ ಸೊನ್ನೆಯಾದ ಜೇಡಿಮಣ್ಣಿನಲ್ಲಿ ಜಾರುವ ಮಣ್ಣು ಫುಟಿಂಗ್‌ನ ಅಂಚಿನಿಂದ ಒಂದು ಫುಟಿಂಗ್ ಅಗಲದಷ್ಟು ದೂರಕ್ಕೆ, ಅಗಲದ 0.7ರಷ್ಟು ಆಳಕ್ಕೆ ಹರಡುತ್ತದೆ. ಕೋನ 30 ಡಿಗ್ರಿ ಇದ್ದರೆ ಅದು ಪ್ರತಿ ಬದಿಗೆ ಅಗಲದ 4.3 ಪಟ್ಟು ದೂರಕ್ಕೂ, 1.6 ಪಟ್ಟು ಆಳಕ್ಕೂ ಹೋಗುತ್ತದೆ. ಹಾಗಾಗಿ ಗಟ್ಟಿ ಮರಳಿನ ಮೇಲಿನ ಫುಟಿಂಗ್‌ನ ಪಕ್ಕದಲ್ಲಿ ಚರಂಡಿ ತೋಡಿದರೆ, ಅದು ದೂರವಿದೆ ಎಂದು ಕಂಡರೂ ಹೊರ ಬೆಣೆಯ ಮೇಲಿನ ಹೊರೆಯನ್ನು ತೆಗೆದಂತಾಗಬಹುದು.

ಭಾರ ಏರಿದಂತೆ ಇಳಿತ ಮೊದಲು ಕಡಿಮೆ ಇರುತ್ತದೆ. ಫುಟಿಂಗ್‌ನ ಅಗಲದ ಸುಮಾರು 4ರಿಂದ 10 ಪ್ರತಿಶತ ಇಳಿತವಾಗುವ ಹೊತ್ತಿಗೆ ಗರಿಷ್ಠ ಭಾರ ಬಂದು, ಆಮೇಲೆ ಭಾರ-ಇಳಿತದ ರೇಖೆ ತಟ್ಟನೆ ಕೆಳಗೆ ಬೀಳುತ್ತದೆ. ಜಾರು ಮೇಲ್ಮೈಗಳು ಎರಡೂ ಬದಿಗೆ ರೂಪುಗೊಂಡರೂ ಕೊನೆಯ ಕುಸಿತ ಬಹುತೇಕ ಒಂದೇ ಬದಿಗೆ ಆಗುತ್ತದೆ, ಏಕೆಂದರೆ ಎರಡು ಬದಿಗಳಲ್ಲಿ ಒಂದು ಸ್ವಲ್ಪವಾದರೂ ದುರ್ಬಲವಾಗಿರುತ್ತದೆ. ಆದ್ದರಿಂದ ವಾಲುವಿಕೆ ಈ ವಿಧದ ಗುರುತು. ಎಚ್ಚರಿಕೆಯ ಸಮಯ ಸಿಗದಿರುವುದೇ ಇದನ್ನು ಮೂರರಲ್ಲಿ ಅತ್ಯಂತ ಅಪಾಯಕಾರಿ ಮಾಡಿದೆ.

ಇದು ಸಂಭವಿಸುವುದು ಕುಗ್ಗದ ಮಣ್ಣಿನಲ್ಲಿ. 70 ಪ್ರತಿಶತಕ್ಕಿಂತ ಹೆಚ್ಚು ಸಾಪೇಕ್ಷ ಸಾಂದ್ರತೆಯ ಮರಳು, ಗಟ್ಟಿಯಾದ ಅತಿದೃಢೀಕೃತ ಜೇಡಿಮಣ್ಣು ಮತ್ತು ಗಟ್ಟಿ ಮೊರಂ ಇಂಥವು. ನೀರು ತುಂಬಿದ ಮೆತ್ತನೆಯ ಜೇಡಿಮಣ್ಣೂ ಇದೇ ಗುಂಪಿಗೆ ಸೇರಬಲ್ಲದು ಎಂಬುದನ್ನು ಹಲವು ಪಠ್ಯಗಳು ಬಿಡುತ್ತವೆ. ಭಾರ ಬೇಗನೆ ಬಿದ್ದರೆ ರಂಧ್ರಗಳ ನೀರಿಗೆ ಹೊರಹೋಗಲು ಸಮಯವಿಲ್ಲ. ಗಾತ್ರ ಬದಲಾಗದ ಮಣ್ಣು, ಮೆತ್ತಗಿದ್ದರೂ, ಪಕ್ಕಕ್ಕೆ ಸರಿಯದೆ ಬೇರೆ ದಾರಿ ಕಾಣದು.

## ಟ್ರಾನ್ಸ್‌ಕೋನಾ ಧಾನ್ಯಾಗಾರ

ಪೂರ್ಣ ಗಾತ್ರದ ಕಟ್ಟಡದಲ್ಲಿ ಸಾಮಾನ್ಯ ಶಿಯರ್ ವೈಫಲ್ಯಕ್ಕೆ ಅತ್ಯಂತ ಚೆನ್ನಾಗಿ ದಾಖಲಾಗಿರುವ ಉದಾಹರಣೆಗಳಲ್ಲಿ ಕೆನಡಾದ ವಿನಿಪೆಗ್ ಬಳಿಯ ಟ್ರಾನ್ಸ್‌ಕೋನಾದ ಧಾನ್ಯಾಗಾರ ಮೊದಲನೆಯದು. ಹಿಮಯುಗದ ಅಗಾಸಿಸ್ ಸರೋವರ ಬಿಟ್ಟುಹೋದ ಜೇಡಿಮಣ್ಣಿನ ಮೇಲೆ, 23.5 ಮೀಟರ್ ಅಗಲ ಮತ್ತು 59.5 ಮೀಟರ್ ಉದ್ದದ ಒಂದೇ ಕಾಂಕ್ರೀಟ್ ಚಪ್ಪಡಿಯನ್ನು ತಳಪಾಯವಾಗಿ ಹಾಕಲಾಗಿತ್ತು. ಅದು ನೆಲದಿಂದ ಸುಮಾರು 3.7 ಮೀಟರ್ ಕೆಳಗಿತ್ತು. 1913ರ ಸೆಪ್ಟೆಂಬರ್‌ನಲ್ಲಿ ಧಾನ್ಯ ತುಂಬುವುದು ಆರಂಭವಾಯಿತು. ಅಕ್ಟೋಬರ್ 18ರ ಹೊತ್ತಿಗೆ ಹತ್ತು ಲಕ್ಷ ಬುಶೆಲ್ ಸಾಮರ್ಥ್ಯದ ಉಗ್ರಾಣದಲ್ಲಿ 8,75,000 ಬುಶೆಲ್ ಧಾನ್ಯವಿತ್ತು. ಅಂದು ಒಂದು ಗಂಟೆಯೊಳಗೆ ಸುಮಾರು 0.3 ಮೀಟರ್ ಇಳಿತ ಕಂಡುಬಂತು. ನಂತರ ಕಟ್ಟಡ ಪಶ್ಚಿಮಕ್ಕೆ ವಾಲತೊಡಗಿ, ಒಂದು ದಿನದೊಳಗೆ ಸುಮಾರು 27 ಡಿಗ್ರಿ ವಾಲಿ ನಿಂತಿತು. ಪಶ್ಚಿಮದ ಅಂಚು 7.3 ಮೀಟರ್ ಕೆಳಗಿಳಿದರೆ ಪೂರ್ವದ ಅಂಚು 1.5 ಮೀಟರ್ ಮೇಲೆದ್ದಿತು. ಸುತ್ತಲಿನ ನೆಲ ಉಬ್ಬಿತು. ಕಾಂಕ್ರೀಟ್ ಮಾತ್ರ ಹೆಚ್ಚು ಹಾನಿಯಿಲ್ಲದೆ ಉಳಿಯಿತು.

ಭಾರದ ಲೆಕ್ಕವನ್ನು ಹೀಗೆ ಮಾಡಬಹುದು. ಖಾಲಿ ಕಟ್ಟಡದ ತೂಕ 20,000 ಅಮೆರಿಕನ್ ಟನ್, ಅಂದರೆ ಸುಮಾರು 18,100 ಮೆಟ್ರಿಕ್ ಟನ್. ಗೋಧಿಯ ಒಂದು ಬುಶೆಲ್ 27.2 ಕಿಲೋಗ್ರಾಂ ಎಂದಿಟ್ಟುಕೊಂಡರೆ ಧಾನ್ಯದ ತೂಕ ಸುಮಾರು 23,800 ಟನ್. ಒಟ್ಟು ಭಾರವನ್ನು ಸುಮಾರು 1,400 ಚದರ ಮೀಟರ್ ತಳಕ್ಕೆ ಹಂಚಿದರೆ ಒತ್ತಡ ಸುಮಾರು 294 ಕಿಲೋಪಾಸ್ಕಲ್.

ನಿರ್ಮಾಣಕ್ಕೆ ಮುನ್ನ ಅಗೆದ ಗುಂಡಿಯ ತಳದಲ್ಲಿ ಚಿಕ್ಕ ತಟ್ಟೆಯ ಮೇಲೆ ಭಾರವಿಟ್ಟು ಪರೀಕ್ಷಿಸಲಾಗಿತ್ತು. ಮಣ್ಣು ಇದಕ್ಕಿಂತ ಹೆಚ್ಚು ಹೊರಬಲ್ಲದು ಎಂಬ ಫಲಿತಾಂಶ ಅದರಿಂದ ಬಂದಿತ್ತು. ಆದರೆ ಚಿಕ್ಕ ತಟ್ಟೆಯ ಒತ್ತಡ ಇಳಿಯುವುದು ಅದರ ಅಗಲದ ಒಂದೆರಡು ಪಟ್ಟು ಆಳಕ್ಕೆ ಮಾತ್ರ, ಅಂದರೆ ಮೇಲಿನ ಗಟ್ಟಿ ಪದರಕ್ಕಷ್ಟೇ. 23.5 ಮೀಟರ್ ಅಗಲದ ಚಪ್ಪಡಿಯ ಜಾರು ಮೇಲ್ಮೈ ಕೆಳಗಿನ ಮೆತ್ತನೆಯ ಪದರವನ್ನೂ ಒಳಗೊಂಡಿತು. ರಾಲ್ಫ್ ಪೆಕ್ ಮತ್ತು ಬ್ರಯಂಟ್ 1950ರ ದಶಕದ ಆರಂಭದಲ್ಲಿ ಬೋರ್ ಕೊರೆಸಿ ಮಾದರಿಗಳನ್ನು ಪರೀಕ್ಷಿಸಿದಾಗ, ನೀರು ಹೊರಹೋಗದ ಸ್ಥಿತಿಯಲ್ಲಿ ಮೇಲಿನ ಪದರದ ಶಿಯರ್ ಬಲ ಸುಮಾರು 54 ಕಿಲೋಪಾಸ್ಕಲ್, ಕೆಳಗಿನದರದು ಸುಮಾರು 31 ಕಿಲೋಪಾಸ್ಕಲ್ ಎಂದು ತಿಳಿದುಬಂತು.

ದಪ್ಪಗಳಿಗೆ ತಕ್ಕ ಸರಾಸರಿ ಬಲವನ್ನು 44.5 ಕಿಲೋಪಾಸ್ಕಲ್ ಎಂದು ತೆಗೆದುಕೊಂಡು, ಚಪ್ಪಡಿಯ ಆಕಾರ ಮತ್ತು ಆಳವನ್ನು ಸೇರಿಸಿದ ಸ್ಕೆಂಪ್ಟನ್ ಗುಣಾಂಕ 5.56 ಬಳಸಿದರೆ, ಮಣ್ಣು ಹೊರಬಲ್ಲ ನಿವ್ವಳ ಒತ್ತಡ ಸುಮಾರು 247 ಕಿಲೋಪಾಸ್ಕಲ್ ಬರುತ್ತದೆ. ಇದಕ್ಕೆ 3.7 ಮೀಟರ್ ಮಣ್ಣಿನ ಹೊರೆ, ಸುಮಾರು 64 ಕಿಲೋಪಾಸ್ಕಲ್ ಸೇರಿಸಿದರೆ 311. ವಾಸ್ತವವಾಗಿ ಸೋತ ಒತ್ತಡ 294. ಎರಡೂ ಸುಮಾರು 6 ಪ್ರತಿಶತದೊಳಗೆ ಹೊಂದುತ್ತವೆ. ಜೇಡಿಮಣ್ಣು ಮೆತ್ತಗಿದ್ದರೂ ಒಂದೆರಡು ತಿಂಗಳಲ್ಲಿ ತುಂಬಿದ ಧಾನ್ಯಕ್ಕೆ ಅದರ ನೀರು ಹೊರಬರಲಾಗಲಿಲ್ಲ. ಆದ್ದರಿಂದಲೇ ಸಾಮಾನ್ಯ ಶಿಯರ್ ಸೂತ್ರ ಇಲ್ಲಿ ಇಷ್ಟು ಚೆನ್ನಾಗಿ ಅನ್ವಯಿಸುತ್ತದೆ. ಕಟ್ಟಡವನ್ನು ಆಮೇಲೆ ಎತ್ತಿ ನೇರಗೊಳಿಸಿ, ಆಳದ ಬಂಡೆಯವರೆಗೆ ಇಳಿಸಿದ ಸ್ತಂಭಗಳ ಮೇಲೆ ಕೂರಿಸಲಾಯಿತು.

## ಸ್ಥಳೀಯ ಶಿಯರ್ ವೈಫಲ್ಯ

ಸ್ಥಳೀಯ ವೈಫಲ್ಯದಲ್ಲೂ ಫುಟಿಂಗ್‌ನ ಕೆಳಗೆ ಬೆಣೆ ಮತ್ತು ಅಂಚಿನ ಜಾರು ಮೇಲ್ಮೈಗಳು ಕಾಣಿಸಿಕೊಳ್ಳುತ್ತವೆ. ಆದರೆ ಅವು ಸ್ವಲ್ಪ ದೂರ ಹೋಗಿ ಮಣ್ಣಿನೊಳಗೇ ಮುಗಿಯುತ್ತವೆ. ಕಾರಣ ಸರಳ: ಬೆಣೆ ಕೆಳಗಿಳಿದು ಪಕ್ಕದ ಮಣ್ಣನ್ನು ತಳ್ಳಿದಾಗ, ಆ ಮಣ್ಣು ಸರಿಯುವ ಬದಲು ಮೊದಲು ತಾನೇ ಕುಗ್ಗಿ ಜಾಗ ಮಾಡಿಕೊಡುತ್ತದೆ. ಹೊರಗಿನ ಬೆಣೆಯನ್ನು ಎಬ್ಬಿಸುವಷ್ಟು ತಳ್ಳುವಿಕೆ ಅಲ್ಲಿಗೆ ತಲುಪುವುದೇ ಇಲ್ಲ. ಜಾರು ಮೇಲ್ಮೈ ನೆಲವನ್ನು ಮುಟ್ಟಬೇಕಾದರೆ ಫುಟಿಂಗ್ ತನ್ನ ಅಗಲದ ಅರ್ಧದಷ್ಟು ಇಳಿಯಬೇಕಾಗುತ್ತದೆ. ಅಷ್ಟರಲ್ಲಿ ಯಾವ ಕಟ್ಟಡವೂ ಬಳಕೆಗೆ ಯೋಗ್ಯವಾಗಿ ಉಳಿದಿರುವುದಿಲ್ಲ.

ಪಕ್ಕದ ನೆಲದಲ್ಲಿ ಸಣ್ಣ ಉಬ್ಬು ಕಾಣಬಹುದು. ವಾಲುವಿಕೆ ಅಪರೂಪ. ಭಾರ-ಇಳಿತದ ರೇಖೆಯಲ್ಲಿ ಶಿಖರವಿಲ್ಲ. ಮೊದಲ ಬಾರಿಗೆ ಜಾರು ಮೇಲ್ಮೈ ಹುಟ್ಟುವ ಭಾರದಲ್ಲಿ ರೇಖೆಯ ಇಳಿಜಾರು ಕಡಿದಾಗುತ್ತದೆ, ಆಮೇಲೆ ಅದು ಸಣ್ಣ ಸಣ್ಣ ಜಿಗಿತಗಳೊಂದಿಗೆ ಇಳಿಯುತ್ತಲೇ ಹೋಗುತ್ತದೆ. ಭಾರವೂ ನಿಧಾನವಾಗಿ ಹೆಚ್ಚುತ್ತಿರುತ್ತದೆ. ಆದ್ದರಿಂದ ‘ಸೋತ ಭಾರ’ ಯಾವುದು ಎಂದು ನಿರ್ಧರಿಸುವುದು ಇಲ್ಲಿ ವ್ಯಾಖ್ಯೆಯ ಪ್ರಶ್ನೆ. ಭಾರ ಮತ್ತು ಇಳಿತ ಎರಡನ್ನೂ ಲಾಗರಿದಮ್ ಅಳತೆಯಲ್ಲಿ ಗುರುತಿಸಿ, ಎರಡು ನೇರ ಗೆರೆಗಳು ಸೇರುವ ಬಿಂದುವನ್ನು ತೆಗೆದುಕೊಳ್ಳುವುದು ಡಿ ಬೀರ್ ಸೂಚಿಸಿದ ವಿಧಾನ. ಹಾಗೆ ನಿರ್ಧರಿಸಿದ ಭಾರದಲ್ಲಿ ಇಳಿತ ಅಗಲದ 15ರಿಂದ 25 ಪ್ರತಿಶತದಷ್ಟಾಗಿರಬಹುದು.

ಮಧ್ಯಮ ಸಾಂದ್ರತೆಯ ಮರಳು ಇದರ ಸಹಜ ನೆಲೆ. ನೆಲದ ಮೇಲ್ಮೈಯಲ್ಲಿರುವ ಫುಟಿಂಗ್‌ಗೆ ವೆಸಿಕ್ ನಕ್ಷೆ ಸುಮಾರು 35ರಿಂದ 70 ಪ್ರತಿಶತದ ಸಾಪೇಕ್ಷ ಸಾಂದ್ರತೆಯನ್ನು ಈ ವಿಧಕ್ಕೆ ನೀಡುತ್ತದೆ. ಸರಿಯಾಗಿ ದಮ್ಮಸ್ಸು ಮಾಡದ ಭರ್ತಿ ಮಣ್ಣು, ಸಿಲ್ಟ್ ಬೆರೆತ ಸಡಿಲ ಮರಳು, ನಿಧಾನವಾಗಿ ಭಾರ ಬೀಳುವ ಮಧ್ಯಮ ಜೇಡಿಮಣ್ಣು ಕೂಡ ಇಲ್ಲಿಗೆ ಸೇರುತ್ತವೆ. ಪ್ರಯೋಗಾಲಯದಲ್ಲಿ ಇದಕ್ಕೆ ಒಂದು ಸೂಚನೆ ಸಿಗುತ್ತದೆ: ತ್ರಿಅಕ್ಷ ಪರೀಕ್ಷೆಯಲ್ಲಿ ಮಾದರಿ 5 ಪ್ರತಿಶತಕ್ಕಿಂತ ಕಡಿಮೆ ವಿಕೃತಿಯಲ್ಲೇ ಗರಿಷ್ಠ ಬಲ ಮುಟ್ಟಿದರೆ ಸಾಮಾನ್ಯ ವೈಫಲ್ಯವನ್ನು ನಿರೀಕ್ಷಿಸಬಹುದು, ಶಿಖರವಿಲ್ಲದೆ 10ರಿಂದ 20 ಪ್ರತಿಶತದವರೆಗೆ ಬಲ ಏರುತ್ತಲೇ ಹೋದರೆ ಸ್ಥಳೀಯ ವೈಫಲ್ಯವನ್ನು.

## ಪಂಚಿಂಗ್ ಶಿಯರ್ ವೈಫಲ್ಯ

ಪಂಚಿಂಗ್‌ನಲ್ಲಿ ಜಾರು ಮೇಲ್ಮೈ ಪಕ್ಕಕ್ಕೆ ಬಾಗುವುದೇ ಇಲ್ಲ. ಫುಟಿಂಗ್‌ನ ಸುತ್ತಳತೆಯ ಉದ್ದಕ್ಕೂ ಮಣ್ಣು ನೇರವಾಗಿ ಕೆಳಮುಖವಾಗಿ ಕತ್ತರಿಸಲ್ಪಡುತ್ತದೆ. ಅಡಿಯ ಮಣ್ಣು ಕುಗ್ಗುತ್ತದೆ, ಫುಟಿಂಗ್ ಆ ಜಾಗಕ್ಕೆ ಇಳಿಯುತ್ತದೆ. ಸುತ್ತಲಿನ ಮಣ್ಣು ಹೆಚ್ಚೇನೂ ಭಾಗವಹಿಸುವುದಿಲ್ಲ. ಅದು ಉಬ್ಬುವ ಬದಲು, ಫುಟಿಂಗ್‌ನೊಂದಿಗೆ ಎಳೆಯಲ್ಪಟ್ಟು ಅಂಚಿನ ಬಳಿ ಕೊಂಚ ತಗ್ಗುವುದುಂಟು. ವಾಲುವಿಕೆ ಇಲ್ಲ. ಭಾರ ಹೆಚ್ಚಿದಂತೆಲ್ಲ ಇಳಿತ ಹೆಚ್ಚುತ್ತದೆ, ಇಳಿತ ಮುಂದುವರಿಯಬೇಕಾದರೆ ಭಾರವನ್ನು ಹೆಚ್ಚಿಸುತ್ತಲೇ ಇರಬೇಕು. ಕುಸಿತವೆಂದು ಕರೆಯಬಹುದಾದ ಕ್ಷಣ ಕಾಣುವುದಿಲ್ಲ. ಮನೆಯ ಗೋಡೆಗಳಲ್ಲಿ ಓರೆ ಬಿರುಕು, ಬಾಗಿಲು ಚೌಕಟ್ಟಿನಲ್ಲಿ ಬಿಗಿಯುವುದು, ಕಂಬದ ಸುತ್ತ ನೆಲಹಾಸು ಬಿಟ್ಟುಕೊಳ್ಳುವುದು ಮೊದಲಾದವುಗಳಲ್ಲಿ ಇದು ಪ್ರಕಟವಾಗುತ್ತದೆ. ಇಂಥ ಬಿರುಕುಗಳಿಗೆ ಬೇರೆ ಕಾರಣಗಳೂ ಇರುತ್ತವೆ. ಆದ್ದರಿಂದ ಪಕ್ಕದ ನೆಲದಲ್ಲಿ ಉಬ್ಬು ಇಲ್ಲ ಎಂಬುದನ್ನೂ, ಫುಟಿಂಗ್ ನೇರವಾಗಿಯೇ ಇಳಿದಿದೆ ಎಂಬುದನ್ನೂ ನೋಡಬೇಕು.

ಇದನ್ನು ಉಂಟುಮಾಡುವ ಸ್ಥಿತಿಗಳು ನಾಲ್ಕು ದಿಕ್ಕಿನಿಂದ ಬರುತ್ತವೆ. ಮೊದಲನೆಯದು ಮಣ್ಣಿನ ಸಡಿಲತೆ: 35 ಪ್ರತಿಶತಕ್ಕಿಂತ ಕಡಿಮೆ ಸಾಪೇಕ್ಷ ಸಾಂದ್ರತೆಯ ಮರಳು, ಹೊಸದಾಗಿ ಸುರಿದ ಭರ್ತಿ, ಗಾಳಿ ತಂದ ಸಡಿಲ ಲೋಯೆಸ್‌ನಂಥ, ನೀರು ತಾಗಿದರೆ ಕುಸಿಯುವ ಮಣ್ಣು. ಮೆತ್ತನೆಯ ಜೇಡಿಮಣ್ಣಿಗೆ ನೀರು ಹೊರಹೋಗುವಷ್ಟು ನಿಧಾನವಾಗಿ ಭಾರ ಹೇರಿದರೂ ಇದೇ ಫಲ. ಟ್ರಾನ್ಸ್‌ಕೋನಾದಲ್ಲಿ ವಾಲಿದ ಜೇಡಿಮಣ್ಣಿನಂಥದೇ ಮಣ್ಣು, ಹಲವು ವರ್ಷಗಳ ಮೇಲೆ ಭಾರ ಬಿದ್ದರೆ, ವಾಲದೆ ನೇರವಾಗಿ ಕುಗ್ಗಬಲ್ಲದು.

ಎರಡನೆಯದು ಆಳ. ನೆಲದ ಮೇಲೆ ಸಾಮಾನ್ಯ ವೈಫಲ್ಯ ತೋರುವ ಅತ್ಯಂತ ಗಟ್ಟಿ ಮರಳಿನಲ್ಲೂ ಫುಟಿಂಗ್ ಸಾಕಷ್ಟು ಆಳಕ್ಕೆ ಹೋದರೆ ವಿಧ ಬದಲಾಗುತ್ತದೆ. ಮೇಲಿನ ಮಣ್ಣಿನ ಹೊರೆಯನ್ನು ಎತ್ತಿ ಉಬ್ಬಿಸುವುದಕ್ಕಿಂತ ಅಡಿಯ ಮಣ್ಣನ್ನು ಕುಗ್ಗಿಸುವುದು ಅಲ್ಲಿ ಸುಲಭ. ಪೈಲ್‌ನ ತುದಿಯ ಸೋಲನ್ನು ಪಂಚಿಂಗ್ ಎಂದೇ ಪರಿಗಣಿಸುವುದು ಇದರಿಂದಾಗಿ. ಮೂರನೆಯದು ಭಾರದ ವೇಗ. ಕ್ಷಣಮಾತ್ರ ಬಡಿದು ಹೋಗುವ ಭಾರಕ್ಕೆ ಗಟ್ಟಿ ಮರಳೂ ಪಂಚಿಂಗ್ ತೋರಬಲ್ಲದು ಎಂದು ವೆಸಿಕ್ ಗುರುತಿಸಿದರು.

ನಾಲ್ಕನೆಯದು ಪದರಗಳು. ತೆಳುವಾದ ಗಟ್ಟಿ ಪದರದ ಕೆಳಗೆ ಮೆತ್ತನೆಯ ಪದರವಿದ್ದರೆ ಫುಟಿಂಗ್ ಗಟ್ಟಿ ಪದರದ ಒಂದು ತುಂಡನ್ನು ಕತ್ತರಿಸಿಕೊಂಡು ಕೆಳಗೆ ತಳ್ಳುತ್ತದೆ. ಗಟ್ಟಿ ಮರಳು ಮೆತ್ತನೆಯ ಜೇಡಿಯ ಮೇಲಿರುವ ಸ್ಥಿತಿಗೆ ಮೇಯರ್‌ಹಾಫ್ ಮತ್ತು ಹನ್ನಾ 1978ರಲ್ಲಿ ವಿನ್ಯಾಸ ವಿಧಾನ ನೀಡಿದರು. ಕರ್ನಾಟಕದ ಕರಾವಳಿಯಲ್ಲಿ ಈ ರಚನೆ ಸಹಜವಾಗಿಯೇ ಇದೆ: ಮೇಲೆ ಗಟ್ಟಿಯಾದ ಮುರಕಲ್ಲು, ಅದರಡಿಯಲ್ಲಿ ಶೇಡಿ ಮಣ್ಣು. ಒಣಗಿದ್ದಾಗ ಚೆನ್ನಾಗಿ ನಿಲ್ಲುವ ಶೇಡಿ ಮಣ್ಣು ನೀರು ತುಂಬಿದಾಗ ಬಲ ಕಳೆದುಕೊಳ್ಳುತ್ತದೆ. ಮುರಕಲ್ಲಿನ ಪದರ ಫುಟಿಂಗ್‌ನ ಅಗಲಕ್ಕೆ ಹೋಲಿಸಿದರೆ ತೆಳುವಾಗಿದ್ದರೆ, ಬೇಸಿಗೆಯಲ್ಲಿ ಅಗೆದ ಗುಂಡಿಯ ತಳ ಎಷ್ಟೇ ಗಟ್ಟಿಯಾಗಿ ಕಂಡರೂ ಅದನ್ನು ನಂಬಿ ಕೂರಬಾರದು, ಪದರದ ದಪ್ಪವನ್ನು ಕೊರೆದೇ ತಿಳಿಯಬೇಕು. ಒಳನಾಡಿನ ಎರೆಮಣ್ಣಿನಲ್ಲಿ ಕಾಣುವ ಹಾನಿ ಬಹುತೇಕ ಬೇರೆ ಬಗೆಯದು. ಅದು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗುವುದರಿಂದ ಆಗುವಂಥದು. ಅದನ್ನು ಶಿಯರ್ ವೈಫಲ್ಯವೆಂದು ಎಣಿಸುವುದು ತಪ್ಪು.

## ವಿಧವನ್ನು ನಿರ್ಧರಿಸುವ ಬಿಗಿತ ಸೂಚ್ಯಂಕ

ಮೇಲೆ ಹೇಳಿದ ಸ್ಥಿತಿಗಳಲ್ಲಿ ಹಲವನ್ನು ಒಂದೇ ಅಳತೆಗೆ ತರುವುದು ವೆಸಿಕ್ ಅವರ ಬಿಗಿತ ಸೂಚ್ಯಂಕದ ಉದ್ದೇಶ. ಮಣ್ಣಿನ ಶಿಯರ್ ಮಾಡ್ಯುಲಸ್‌ ಅನ್ನು ಅದೇ ಜಾಗದ ಶಿಯರ್ ಬಲದಿಂದ ಭಾಗಿಸಿದರೆ ಇದು ಸಿಗುತ್ತದೆ:

Ir = G / (c + q′ tan φ)

ಇಲ್ಲಿ G ಶಿಯರ್ ಮಾಡ್ಯುಲಸ್, c ಅಂಟುಬಲ, φ ಘರ್ಷಣ ಕೋನ. q′ ಎಂಬುದು ಫುಟಿಂಗ್‌ನ ತಳದಿಂದ ಅರ್ಧ ಅಗಲದಷ್ಟು ಕೆಳಗಿನ ಮಣ್ಣಿನ ಪರಿಣಾಮಕಾರಿ ಹೊರೆ. ಇದನ್ನು ನಿರ್ಣಾಯಕ ಬೆಲೆಯೊಂದರೊಡನೆ ಹೋಲಿಸಬೇಕು. 30 ಡಿಗ್ರಿ ಕೋನದ ಮಣ್ಣಿನ ಮೇಲಿನ ಚೌಕ ಫುಟಿಂಗ್‌ಗೆ ಆ ಬೆಲೆ ಸುಮಾರು 70, ಉದ್ದನೆಯ ಗೋಡೆ ಫುಟಿಂಗ್‌ಗೆ 152. ಸೂಚ್ಯಂಕ ಇದಕ್ಕಿಂತ ಹೆಚ್ಚಿದ್ದರೆ ಸಾಮಾನ್ಯ ವೈಫಲ್ಯ. ಕಡಿಮೆಯಿದ್ದರೆ ಧಾರಣ ಸಾಮರ್ಥ್ಯವನ್ನು ತಗ್ಗಿಸಬೇಕು.

ನೆಲದಿಂದ 1 ಮೀಟರ್ ಆಳದಲ್ಲಿರುವ 1.5 ಮೀಟರ್ ಚೌಕ ಫುಟಿಂಗ್ ತೆಗೆದುಕೊಳ್ಳೋಣ. ಮರಳಿನ ತೂಕ ಘನಮೀಟರಿಗೆ 17 ಕಿಲೋನ್ಯೂಟನ್, ಕೋನ 30 ಡಿಗ್ರಿ, ಯಂಗ್ ಮಾಡ್ಯುಲಸ್ 5 ಮೆಗಾಪಾಸ್ಕಲ್, ಪಾಯ್ಸನ್ ಅನುಪಾತ 0.3. ಆಗ G ಸುಮಾರು 1,920 ಕಿಲೋಪಾಸ್ಕಲ್, ಶಿಯರ್ ಬಲ ಸುಮಾರು 17 ಕಿಲೋಪಾಸ್ಕಲ್, ಸೂಚ್ಯಂಕ 112. ಇದು 70ಕ್ಕಿಂತ ಹೆಚ್ಚು. ಆದರೆ ಸಡಿಲ ಮರಳಿನ ಗಾತ್ರವೂ ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು 1 ಪ್ರತಿಶತ ಎಂದಿಟ್ಟರೆ 112ನ್ನು 2.12ರಿಂದ ಭಾಗಿಸಬೇಕು. ತಗ್ಗಿದ ಸೂಚ್ಯಂಕ 53, ಅಂದರೆ ನಿರ್ಣಾಯಕ ಬೆಲೆಗಿಂತ ಕೆಳಗೆ. ಒಂದೇ ಒಂದು ಪ್ರತಿಶತದ ಕುಗ್ಗುವಿಕೆ ವೈಫಲ್ಯದ ವಿಧವನ್ನೇ ಬದಲಿಸಿತು.

ಸೂತ್ರದಲ್ಲಿ q′ ಛೇದದಲ್ಲಿದೆ. ಆಳ ಹೆಚ್ಚಿದಂತೆ ಅದು ಹೆಚ್ಚುತ್ತದೆ, ಮಾಡ್ಯುಲಸ್ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಆದ್ದರಿಂದ ಸೂಚ್ಯಂಕ ಇಳಿಯುತ್ತದೆ. ಅಗಲ ಹೆಚ್ಚಿದರೂ ಹೀಗೆಯೇ. ಅದೇ ಮರಳಿನ ಮೇಲೆ ಚಿಕ್ಕ ತಟ್ಟೆ ಸಾಮಾನ್ಯ ವೈಫಲ್ಯ ತೋರಿದರೆ, ದೊಡ್ಡ ಫುಟಿಂಗ್ ಸ್ಥಳೀಯ ವೈಫಲ್ಯದತ್ತ ಸರಿಯಬಹುದು. ತಟ್ಟೆ ಪರೀಕ್ಷೆಯ ಫಲಿತಾಂಶವನ್ನು ನೇರವಾಗಿ ದೊಡ್ಡ ಫುಟಿಂಗ್‌ಗೆ ಅನ್ವಯಿಸುವುದಕ್ಕೆ ಇದೂ ಒಂದು ಮಿತಿ.

## ವಿನ್ಯಾಸದಲ್ಲಿ ಬಳಕೆ

ದಿನನಿತ್ಯದ ಕೆಲಸದಲ್ಲಿ ಬಿಗಿತ ಸೂಚ್ಯಂಕದ ಬದಲು ಟೆರ್ಜಾಗಿ ಸೂಚಿಸಿದ ಸರಳ ತಗ್ಗಿಸುವಿಕೆಯೇ ಚಾಲ್ತಿಯಲ್ಲಿದೆ. ಸ್ಥಳೀಯ ವೈಫಲ್ಯ ನಿರೀಕ್ಷಿತವಾದರೆ ಅಂಟುಬಲವನ್ನೂ, ಘರ್ಷಣ ಕೋನದ ಟ್ಯಾಂಜೆಂಟನ್ನೂ ಮೂರನೇ ಎರಡು ಪಾಲಿಗೆ ಇಳಿಸಿ, ಸಾಮಾನ್ಯ ವೈಫಲ್ಯದ ಸೂತ್ರವನ್ನೇ ಬಳಸಬೇಕು. ಭಾರತೀಯ ಮಾನಕ IS 6403:1981 ಇದನ್ನೇ ಅಳವಡಿಸಿಕೊಂಡಿದೆ. ಅದರ ಪ್ರಕಾರ ಸಾಪೇಕ್ಷ ಸಾಂದ್ರತೆ 70 ಪ್ರತಿಶತಕ್ಕಿಂತ ಹೆಚ್ಚು ಅಥವಾ ರಂಧ್ರಾನುಪಾತ 0.55ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ ವೈಫಲ್ಯ. ಸಾಂದ್ರತೆ 20 ಪ್ರತಿಶತಕ್ಕಿಂತ ಕಡಿಮೆ ಅಥವಾ ರಂಧ್ರಾನುಪಾತ 0.75ಕ್ಕಿಂತ ಹೆಚ್ಚಿದ್ದರೆ ಸ್ಥಳೀಯ ಮತ್ತು ಪಂಚಿಂಗ್ ಎರಡನ್ನೂ ಒಂದಾಗಿ ಪರಿಗಣಿಸಬೇಕು. ನಡುವಿನದಕ್ಕೆ ಎರಡು ಉತ್ತರಗಳ ಮಧ್ಯದಿಂದ ಅನುಪಾತದಂತೆ ಬೆಲೆ ತೆಗೆಯಬೇಕು.

ಮೇಲಿನ ಅದೇ ಫುಟಿಂಗ್‌ಗೆ, ಅಂತರ್ಜಲ ಬಹಳ ಕೆಳಗಿದೆ ಎಂದುಕೊಂಡು, ಆಳದ ಗುಣಾಂಕಗಳನ್ನು ಬಿಟ್ಟು ಲೆಕ್ಕ ಹಾಕಬಹುದು. ಕೋನ 30 ಡಿಗ್ರಿಗೆ ಗುಣಾಂಕಗಳು 18.4 ಮತ್ತು 22.4. ಮೇಲಿನ ಮಣ್ಣಿನ ಹೊರೆಯಿಂದ 355, ಅಗಲದಿಂದ 228, ಒಟ್ಟು ಸುಮಾರು 583 ಕಿಲೋಪಾಸ್ಕಲ್ ನಿವ್ವಳ ಧಾರಣ ಸಾಮರ್ಥ್ಯ. ಸ್ಥಳೀಯ ವೈಫಲ್ಯಕ್ಕೆ ಕೋನ ಸುಮಾರು 21 ಡಿಗ್ರಿಗೆ ಇಳಿಯುತ್ತದೆ, ಗುಣಾಂಕಗಳು 7.07 ಮತ್ತು 6.20 ಆಗುತ್ತವೆ, ಸಾಮರ್ಥ್ಯ 187ಕ್ಕೆ ಕುಸಿಯುತ್ತದೆ. ಕೋನದ ಟ್ಯಾಂಜೆಂಟ್‌ನಲ್ಲಿ ಮೂರನೇ ಒಂದು ಪಾಲು ಕಡಿತ, ಸಾಮರ್ಥ್ಯದಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಕಡಿತ. ಮರಳಿನ ಸಾಪೇಕ್ಷ ಸಾಂದ್ರತೆ 45 ಪ್ರತಿಶತವಾದರೆ, 20 ಮತ್ತು 70ರ ನಟ್ಟನಡುವೆ ಇರುವುದರಿಂದ, ಮಾನಕದ ಉತ್ತರ 385 ಕಿಲೋಪಾಸ್ಕಲ್.

ಮೂರನೇ ಎರಡು ಪಾಲು ಎಂಬುದು ಪ್ರಯೋಗದಿಂದ ಕಟ್ಟಿದ ನಿಯಮವಲ್ಲ, ಟೆರ್ಜಾಗಿಯವರ ಅಂದಾಜು. ಮರಳಿಗೆ ವೆಸಿಕ್ ಬೇರೊಂದು ತಿದ್ದುಪಡಿ ಸೂಚಿಸಿದರು. ಸಾಪೇಕ್ಷ ಸಾಂದ್ರತೆ 0.67ರವರೆಗೆ ಟ್ಯಾಂಜೆಂಟನ್ನು ಈ ಗುಣಾಂಕದಿಂದ ಗುಣಿಸಬೇಕು:

0.67 + Dr − 0.75 Dr²

45 ಪ್ರತಿಶತಕ್ಕೆ ಇದು 0.97. ಕೋನ 29 ಡಿಗ್ರಿಯ ಹತ್ತಿರ ಉಳಿಯುತ್ತದೆ, ಸಾಮರ್ಥ್ಯ ಸುಮಾರು 510 ಕಿಲೋಪಾಸ್ಕಲ್ ಬರುತ್ತದೆ. ಒಂದೇ ಮಣ್ಣು, ಒಂದೇ ಫುಟಿಂಗ್, ಆದರೂ 385 ಮತ್ತು 510. ಈ ಅಂತರ ಕಳವಳ ಹುಟ್ಟಿಸುವಷ್ಟು ದೊಡ್ಡದಾಗಿ ಕಂಡರೂ, ಮಧ್ಯಮ ಸಾಂದ್ರತೆಯ ಮರಳಿನಲ್ಲಿ ವಿನ್ಯಾಸವನ್ನು ಕೊನೆಗೆ ನಿರ್ಧರಿಸುವುದು ಹೆಚ್ಚಾಗಿ ಇಳಿತದ ಮಿತಿಯೇ. ಸಾಮರ್ಥ್ಯವನ್ನು ಸುರಕ್ಷಾ ಗುಣಾಂಕ 2.5ರಿಂದ ಭಾಗಿಸಿ ಬಂದ ಒತ್ತಡವನ್ನೂ, ಇಳಿತದ ಮಿತಿಯೊಳಗೆ ಬರುವ ಒತ್ತಡವನ್ನೂ ಹೋಲಿಸಿ ಕಡಿಮೆಯದನ್ನು ತೆಗೆದುಕೊಳ್ಳಲಾಗುತ್ತದೆ.

## ನಿವೇಶನದಲ್ಲಿ ಗುರುತಿಸುವುದು

ಮರಳಿನ ಸಾಂದ್ರತೆಯನ್ನು ನೇರವಾಗಿ ಅಳೆಯುವುದು ಕಷ್ಟ. ಆದ್ದರಿಂದ ಬೋರ್ ಗುಂಡಿಯಲ್ಲಿ ಸ್ಟ್ಯಾಂಡರ್ಡ್ ಪೆನೆಟ್ರೇಶನ್ ಪರೀಕ್ಷೆ ಮಾಡಿ, 300 ಮಿಲಿಮೀಟರ್ ಇಳಿಯಲು ಬೇಕಾದ ಹೊಡೆತಗಳನ್ನು ಎಣಿಸಲಾಗುತ್ತದೆ. ಪಠ್ಯಗಳ ರೂಢಿಯಂತೆ 30ಕ್ಕಿಂತ ಹೆಚ್ಚು ಹೊಡೆತ, 36 ಡಿಗ್ರಿಗಿಂತ ಹೆಚ್ಚು ಕೋನ ಇದ್ದರೆ ಸಾಮಾನ್ಯ ವೈಫಲ್ಯ. 5ಕ್ಕಿಂತ ಕಡಿಮೆ ಹೊಡೆತ, 28 ಡಿಗ್ರಿಗಿಂತ ಕಡಿಮೆ ಕೋನ ಇದ್ದರೆ ಸ್ಥಳೀಯ. ಹೊಡೆತಗಳ ಎಣಿಕೆಯನ್ನು ಮಣ್ಣಿನ ಹೊರೆಗೆ ತಕ್ಕಂತೆ ತಿದ್ದಿದ ಮೇಲೆಯೇ ಈ ಹೋಲಿಕೆ ಮಾಡಬೇಕು.

IS 1888:1982ರ ಪ್ರಕಾರದ ತಟ್ಟೆ ಭಾರ ಪರೀಕ್ಷೆಯಲ್ಲಿ 300ರಿಂದ 750 ಮಿಲಿಮೀಟರ್ ಅಳತೆಯ ಉಕ್ಕಿನ ತಟ್ಟೆಯನ್ನು ಫುಟಿಂಗ್ ಮಟ್ಟದಲ್ಲಿ ಕೂರಿಸಿ, ಹಂತ ಹಂತವಾಗಿ ಭಾರ ಹೇರಿ ಇಳಿತ ಓದುತ್ತಾರೆ. ರೇಖೆಯಲ್ಲಿ ಶಿಖರವಿದೆಯೇ, ಕಡಿದಾಗುವ ತಿರುವಿದೆಯೇ, ಅಥವಾ ಕೊನೆಯವರೆಗೂ ಒಂದೇ ಬಗೆಯಲ್ಲಿ ಇಳಿಯುತ್ತದೆಯೇ ಎಂಬುದು ವಿಧವನ್ನು ಹೇಳುತ್ತದೆ. ಪರೀಕ್ಷೆ ಮಾಡುವವರು ಬರೀ ಗೇಜುಗಳನ್ನು ನೋಡುತ್ತ ತಟ್ಟೆಯ ಸುತ್ತಲಿನ ಮಣ್ಣನ್ನು ಗಮನಿಸದೆ ಬಿಡುವುದು ಸಾಮಾನ್ಯ. ತಟ್ಟೆಯ ಸುತ್ತ ಬಿರುಕುಗಳು ವೃತ್ತಾಕಾರವಾಗಿ ಹೊರಗೆ ಹರಡಿ ಮಣ್ಣು ಎದ್ದಿದೆಯೇ, ಇಲ್ಲವೇ ತಟ್ಟೆಯ ಅಂಚಿನಲ್ಲೇ ನೇರ ಕಡಿತ ಕಾಣಿಸುತ್ತಿದೆಯೇ ಎಂಬ ಒಂದು ಸಾಲಿನ ಟಿಪ್ಪಣಿ, ರೇಖೆ ಅಸ್ಪಷ್ಟವಾದಾಗ ಉತ್ತರ ಕೊಡುತ್ತದೆ.

ನೀರಿನ ಸ್ಥಿತಿಯನ್ನು ಪರೀಕ್ಷೆಯ ದಿನದಂತೆ ಅಲ್ಲದೆ ಮಳೆಗಾಲದಂತೆ ಊಹಿಸಬೇಕು. ಅಂತರ್ಜಲ ಫುಟಿಂಗ್‌ನ ತಳಕ್ಕೆ ಏರಿದರೆ ಮರಳಿನ ಪರಿಣಾಮಕಾರಿ ತೂಕ ಸುಮಾರು ಅರ್ಧಕ್ಕಿಳಿಯುತ್ತದೆ, ಅಗಲದಿಂದ ಬರುವ ಪಾಲೂ ಅಷ್ಟೇ ಇಳಿಯುತ್ತದೆ. ಒಣ ಸ್ಥಿತಿಯಲ್ಲಿ ಗಟ್ಟಿಯಾಗಿ ಕಂಡ, ನೀರು ತಾಗಿದರೆ ಕುಸಿಯುವ ಮಣ್ಣು ಒದ್ದೆಯಾದಾಗ ನೇರವಾಗಿ ಪಂಚಿಂಗ್‌ಗೆ ಜಾರುತ್ತದೆ.

## ಈಗಿನ ಸ್ಥಿತಿ

ಸೀಮಿತ ಅಂಶ ವಿಧಾನದ ಲೆಕ್ಕಗಳು ವೈಫಲ್ಯದ ವಿಧವನ್ನು ಮೊದಲೇ ಊಹಿಸುವ ಅಗತ್ಯವನ್ನು ತೆಗೆದುಹಾಕಿವೆ. ಮಣ್ಣಿನ ಬಿಗಿತ ಮತ್ತು ಬಲವನ್ನು ಕೊಟ್ಟರೆ ಜಾರು ಮೇಲ್ಮೈ ಎಲ್ಲಿ ನಿಲ್ಲುತ್ತದೆ ಎಂಬುದು ಲೆಕ್ಕದಿಂದಲೇ ಹೊರಬರುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ಚಿಕ್ಕ ಮಾದರಿಗೆ ದೊಡ್ಡ ಫುಟಿಂಗ್‌ನಷ್ಟೇ ಒತ್ತಡ ಬರುವಂತೆ ಮಾಡಿ, ಗಾತ್ರದ ಪರಿಣಾಮವನ್ನು ಅಳೆಯಲಾಗುತ್ತಿದೆ. ಸಮುದ್ರದಲ್ಲಿ ತೈಲ ಕೊರೆಯುವ ಜಾಕ್-ಅಪ್ ವೇದಿಕೆಗಳ ಕಾಲಿನ ಅಡಿಯ ಅಗಲ ತಳ ಗಟ್ಟಿ ಮರಳನ್ನು ಭೇದಿಸಿ ಮೆತ್ತನೆಯ ಜೇಡಿಗೆ ಇಳಿಯುವ ಅಪಾಯದಿಂದಾಗಿ ಪದರಗಳ ಪಂಚಿಂಗ್ ಇಂದು ಹೆಚ್ಚು ಅಧ್ಯಯನಗೊಳ್ಳುತ್ತಿದೆ. ಸಣ್ಣ ಮತ್ತು ಮಧ್ಯಮ ಕಟ್ಟಡಗಳ ವಿನ್ಯಾಸದಲ್ಲಿ ಮಾತ್ರ ಭಾರತದಲ್ಲಿ ಈಗಲೂ ಸಾಪೇಕ್ಷ ಸಾಂದ್ರತೆ ಅಥವಾ ರಂಧ್ರಾನುಪಾತವನ್ನು ಆಧರಿಸಿ ವಿಧವನ್ನು ಗೊತ್ತುಮಾಡಿ, ಮೂರನೇ ಎರಡು ಪಾಲಿನ ನಿಯಮದಿಂದ ಸಾಮರ್ಥ್ಯವನ್ನು ತಗ್ಗಿಸುವ ಕ್ರಮವೇ ಮುಂದುವರಿದಿದೆ.